ಮೊದಲ ಪತ್ರ, ಮೊದಲ ವಾರ: ಸಣ್ಣ ಊರುಗಳಿಂದ ಹೋಟೆಲಿಗೆ ಬರುವ ಹೊಸ ನೌಕರರನ್ನು ಬರಮಾಡಿಕೊಳ್ಳುವ ಬಗೆ

ಕೊಪ್ಪಳದಲ್ಲಿ ಹೋಟೆಲ್ ಮಾಲೀಕರು, ವ್ಯವಸ್ಥಾಪಕರು ಮತ್ತು ಹೌಸ್‌ಕೀಪಿಂಗ್ ಮೇಲ್ವಿಚಾರಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ

ಆತ್ಮೀಯರೇ,

ಸೆಪ್ಟೆಂಬರ್ ಬಂತೆಂದರೆ ನಮ್ಮ ಭಾಗದ ಹೋಟೆಲುಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಗಡಿಬಿಡಿ ಶುರುವಾಗುತ್ತದೆ. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಹಂಪಿ, ಆನೆಗೊಂದಿ ಮತ್ತು ಅಂಜನಾದ್ರಿ ಬೆಟ್ಟ ನೋಡಲು ಬರುವವರಿಂದ ಹೊಸಪೇಟೆ, ಗಂಗಾವತಿ, ಕೊಪ್ಪಳಗಳ ಕೊಠಡಿಗಳು ತುಂಬುತ್ತವೆ. ತೋರಣಗಲ್ಲು ಮತ್ತು ಬಳ್ಳಾರಿಯ ಹೋಟೆಲುಗಳಿಗೆ ಕಾರ್ಖಾನೆ ಕೆಲಸದ ಮೇಲೆ ಬರುವವರು ವರ್ಷವಿಡೀ ಇರುತ್ತಾರೆ. ಈ ಕೊಠಡಿಗಳನ್ನು ಸ್ವಚ್ಛವಾಗಿಡಲು ಯಲಬುರ್ಗಾ, ಕುಷ್ಟಗಿ, ಕನಕಗಿರಿ, ಸಿರುಗುಪ್ಪ, ಮಾನ್ವಿ, ದೇವದುರ್ಗದ ಕಡೆಯಿಂದ ಹದಿನೆಂಟು ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ಬರುತ್ತಾರೆ. ಅವರಲ್ಲಿ ಅನೇಕರು ಮೊದಲ ವಾರದ ರಜೆಗೆ ಊರಿಗೆ ಹೋದವರು ಮರಳಿ ಬರುವುದೇ ಇಲ್ಲ. ಹೋಟೆಲಿನ ಎಲ್ಲ ವಿಭಾಗಗಳ ಬಗ್ಗೆ ಮಾತನಾಡಲು ಇಂದು ಸಮಯವಿಲ್ಲ. ಆದ್ದರಿಂದ ಅತಿ ಹೆಚ್ಚು ಹೊಸಬರು ಸೇರುವ ಹೌಸ್‌ಕೀಪಿಂಗ್ ವಿಭಾಗವನ್ನಷ್ಟೇ ಇಟ್ಟುಕೊಂಡು, ಅವರಿಗೆ ನಾವು ಕಳುಹಿಸಬೇಕಾದ ಸ್ವಾಗತ ಪತ್ರ ಹೇಗಿರಬೇಕು, ಅವರ ಮೊದಲ ಆರು ದಿನಗಳನ್ನು ಹೇಗೆ ಜೋಡಿಸಬೇಕು ಎಂಬುದನ್ನು ಹೇಳುತ್ತೇನೆ.

ಬಿಟ್ಟುಹೋದವರ ಬಗ್ಗೆ ನಾವು ಸಾಮಾನ್ಯವಾಗಿ ಹೇಳುವ ಮಾತೆಂದರೆ, ಈಗಿನ ಹುಡುಗರಿಗೆ ದುಡಿಯುವ ಮನಸ್ಸಿಲ್ಲ ಎಂಬುದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತಿ ಬಿಡಿಸಿ, ಭತ್ತದ ಗದ್ದೆಯಲ್ಲಿ ಬಾಗಿ ದುಡಿದು ಬಂದವರಿಗೆ ದಿನಕ್ಕೆ ಹತ್ತು ಹಾಸಿಗೆ ಹಾಸುವುದು ತಾಳಲಾರದ ಶ್ರಮವಲ್ಲ. ಅವರು ಬಿಟ್ಟುಹೋಗುವುದು ಯಾರೂ ಮೊದಲೇ ಹೇಳದ ಸಂಗತಿಗಳು ಒಂದೊಂದಾಗಿ ಎದುರಾದಾಗ. ಸಂಬಳ ಯಾವಾಗ ಕೈಗೆ ಬರುತ್ತದೆ, ಎಷ್ಟು ಬರುತ್ತದೆ, ಶೌಚಾಲಯ ತೊಳೆಯುವ ಕೆಲಸ ತನಗೂ ಇದೆಯೇ, ರಾತ್ರಿ ಯಾರ ಜೊತೆ ಮಲಗಬೇಕು, ಜಾತ್ರೆಗೆ ಊರಿಗೆ ಕಳುಹಿಸುತ್ತಾರೆಯೇ ಎಂಬ ಪ್ರಶ್ನೆಗಳನ್ನು ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಸ್ವಾಗತ ಪತ್ರ ಇರಬೇಕಾದದ್ದು ಈ ಕೇಳದ ಪ್ರಶ್ನೆಗಳಿಗೆ ಉತ್ತರವಾಗಿ. ಆದರೆ ನಮ್ಮಲ್ಲಿ ಬಹಳ ಕಡೆ ಬಳಕೆಯಲ್ಲಿರುವುದು ಇಂಗ್ಲಿಷಿನ ಎರಡು ಪುಟ. ಅದರಲ್ಲಿ ಸಂಸ್ಥೆಯ ಇತಿಹಾಸವಿರುತ್ತದೆ, ಶುಭಾಶಯವಿರುತ್ತದೆ, ಕೆಳಗೊಂದು ಸಹಿಯಿರುತ್ತದೆ. ಅದನ್ನು ಓದಿದ ಹುಡುಗನಿಗೆ ತಾನು ಯಾವ ಸ್ಟಾಪಿನಲ್ಲಿ ಇಳಿಯಬೇಕೆಂಬುದು ಕೂಡ ತಿಳಿದಿರುವುದಿಲ್ಲ.

ಎಲ್ಲಕ್ಕಿಂತ ಮೊದಲು ಸಂಬಳದ ಲೆಕ್ಕವನ್ನು ಬಿಡಿಸಿ ನೋಡೋಣ, ಏಕೆಂದರೆ ಮೊದಲ ತಿಂಗಳಲ್ಲಿ ಹುಟ್ಟುವ ಅಪನಂಬಿಕೆಯ ಮೂಲ ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಯಲಬುರ್ಗಾ ಕಡೆಯ ಹುಡುಗನೊಬ್ಬ ಸೆಪ್ಟೆಂಬರ್ 11ರಂದು ಕೆಲಸಕ್ಕೆ ಸೇರುತ್ತಾನೆ ಎಂದುಕೊಳ್ಳಿ. ತಿಂಗಳಿಗೆ 15,000 ರೂಪಾಯಿ ಎಂದು ಅವನಿಗೆ ಹೇಳಲಾಗಿದೆ. ಈ ಮೊತ್ತವನ್ನು ಲೆಕ್ಕ ಸುಲಭವಾಗಲೆಂದು ತೆಗೆದುಕೊಂಡಿದ್ದೇನೆ. ನೀವು ಕೊಡುವ ಸಂಬಳ ನಿಮ್ಮ ವಲಯಕ್ಕೆ ಸರ್ಕಾರ ಆಗ ಅಧಿಸೂಚಿಸಿರುವ ಕನಿಷ್ಠ ವೇತನಕ್ಕಿಂತ ಕಡಿಮೆ ಇರುವಂತಿಲ್ಲ. ಸೆಪ್ಟೆಂಬರ್ ತಿಂಗಳ ಸಂಬಳವನ್ನು ಹೋಟೆಲು ಅಕ್ಟೋಬರ್ 7ರಂದು ಕೊಡುತ್ತದೆ. 11ರಿಂದ 30ರವರೆಗೆ 20 ದಿನ, ದಿನಕ್ಕೆ 500ರಂತೆ 10,000 ರೂಪಾಯಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 12,000 ಇದ್ದರೆ, 20 ದಿನಕ್ಕೆ ಅದು 8,000 ಆಗುತ್ತದೆ. ಅದರ ಶೇಕಡಾ 12ರಂತೆ ಭವಿಷ್ಯ ನಿಧಿಗೆ 960 ಹೋಗುತ್ತದೆ. ಇಎಸ್‌ಐಗೆ ನೌಕರನ ಪಾಲು ಶೇಕಡಾ 0.75, ಅಂದರೆ 75 ರೂಪಾಯಿ. ಕೊನೆಗೆ ಅವನ ಖಾತೆಗೆ ಬೀಳುವುದು 8,965.

ಈಗ ಅದೇ ಲೆಕ್ಕವನ್ನು ಅವನ ಮನೆಯ ಕಡೆಯಿಂದ ನೋಡಿ. ಮಗ 15,000ದ ಕೆಲಸಕ್ಕೆ ಸೇರಿದ್ದಾನೆ, ತಿಂಗಳ ಕೊನೆಗೆ ದುಡ್ಡು ಬರುತ್ತದೆ ಎಂದು ತಾಯಿ ಸಂಘದ ಕಂತಿಗೆ ಮಾತು ಕೊಟ್ಟಿರುತ್ತಾಳೆ. ಸೆಪ್ಟೆಂಬರ್ 30 ಕಳೆದರೂ ಹಣವಿಲ್ಲ. 7ನೇ ತಾರೀಖು ಬಂದದ್ದು ಹೇಳಿದ್ದಕ್ಕಿಂತ ಆರು ಸಾವಿರ ಕಡಿಮೆ. ಹೋಟೆಲು ಒಂದು ರೂಪಾಯಿಯನ್ನೂ ತಪ್ಪಾಗಿ ಹಿಡಿದಿಲ್ಲ, ಆದರೂ ಮನೆಯವರ ಕಣ್ಣಿಗೆ ಅದು ಮೋಸವಾಗಿ ಕಾಣುತ್ತದೆ. ಪೂರ್ತಿ ತಿಂಗಳಿಗೆ ಕೂಡ ಕೈಗೆ ಸಿಗುವುದು 15,000 ಅಲ್ಲ, ಸುಮಾರು 13,450 ಎಂಬುದನ್ನು ಸೇರುವ ಮುನ್ನವೇ ಬರೆದು ತಿಳಿಸಿದ್ದರೆ ಈ ಅಪನಂಬಿಕೆಗೆ ಎಡೆಯೇ ಇರುತ್ತಿರಲಿಲ್ಲ. ಇಎಸ್‌ಐ ಎಂದರೆ ಕಡಿತವೊಂದೇ ಅಲ್ಲ, ಅವನಿಗೂ ಅವನನ್ನು ಅವಲಂಬಿಸಿದ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ ಎಂಬುದನ್ನೂ, ಭವಿಷ್ಯ ನಿಧಿಗೆ ಹೋಟೆಲು ಕೂಡ ತನ್ನ ಪಾಲು ಕಟ್ಟುತ್ತದೆ, ಆ ಹಣ ಅವನ ಹೆಸರಿನಲ್ಲೇ ಇರುತ್ತದೆ ಎಂಬುದನ್ನೂ ಅಲ್ಲಿಯೇ ಎರಡು ಸಾಲಿನಲ್ಲಿ ಹೇಳಬೇಕು.

ಈ ಲೆಕ್ಕದಿಂದ ಹೊರಡುವ ಇನ್ನೊಂದು ಅಂಶವಿದೆ. ಕೆಲಸಕ್ಕೆ ಸೇರಿದ ದಿನದಿಂದ ಮೊದಲ ಸಂಬಳದವರೆಗೆ ನಮ್ಮ ಉದಾಹರಣೆಯಲ್ಲಿ 26 ದಿನಗಳಿವೆ. 1ನೇ ತಾರೀಖು ಸೇರಿದವನಿಗೆ ಅದು 36 ದಿನವಾಗುತ್ತದೆ. ಅಷ್ಟು ದಿನ ಸೋಪು, ಎಣ್ಣೆ, ಮೊಬೈಲ್ ರೀಚಾರ್ಜು, ಒಮ್ಮೆ ಊರಿಗೆ ಹೋಗಿಬರುವ ಬಸ್ ಚಾರ್ಜು ಎಲ್ಲಿಂದ ಬರಬೇಕು? ಮೊದಲ ವಾರದ ಕೊನೆಗೆ, ಆಗಲೇ ದುಡಿದ ದಿನಗಳ ಲೆಕ್ಕದಲ್ಲಿ, 1,000 ರೂಪಾಯಿ ಮುಂಗಡ ಕೊಡುವ ಪದ್ಧತಿಯನ್ನು ಎಲ್ಲ ಹೋಟೆಲುಗಳೂ ಇಟ್ಟುಕೊಳ್ಳಬೇಕೆಂದು ನನ್ನ ಖಚಿತ ಅಭಿಪ್ರಾಯ. ಕೇಳಿದವರಿಗೆ ಮಾತ್ರ ಕೊಡುತ್ತೇವೆ ಎಂದರೆ ಸಂಕೋಚದ ಹುಡುಗ ಕೇಳುವುದಿಲ್ಲ; ಮೇಸ್ತ್ರಿಯ ಬಳಿಯೋ ಜೊತೆಗಾರನ ಬಳಿಯೋ ಸಾಲ ಮಾಡುತ್ತಾನೆ, ಆಮೇಲೆ ಆ ಸಾಲದಿಂದ ತಪ್ಪಿಸಿಕೊಳ್ಳಲು ಕೆಲಸ ಬಿಡುತ್ತಾನೆ.

ಎರಡನೆಯ ವಿಷಯ ಶೌಚಾಲಯ. ಇದನ್ನು ಸಭೆಯಲ್ಲಿ ಹೇಳಲು ನಾವು ಹಿಂಜರಿಯುತ್ತೇವೆ, ಪತ್ರದಲ್ಲಿ ಬರೆಯಲು ಇನ್ನೂ ಹಿಂಜರಿಯುತ್ತೇವೆ. ನೇಮಕದ ವೇಳೆ 'ರೂಮ್ ಬಾಯ್ ಕೆಲಸ' ಎಂದಷ್ಟೇ ಹೇಳಿ, ಎರಡನೆಯ ದಿನ ಕೈಗೆ ಬ್ರಷ್ಷು ಕೊಟ್ಟಾಗ ಹುಡುಗ ಮೌನವಾಗುತ್ತಾನೆ. ನಮ್ಮ ಊರುಗಳಲ್ಲಿ ಆ ಕೆಲಸವನ್ನು ಜಾತಿಗೆ ಅಂಟಿಸಿಟ್ಟಿರುವುದರಿಂದ, ಊರಿನಲ್ಲಿ ತಿಳಿದರೆ ಏನಾದೀತು ಎಂಬ ಭಯ ಒಂದು ಕಡೆಯಾದರೆ, ಮೇಲ್ವಿಚಾರಕರು ಹುಡುಗರ ಜಾತಿ ನೋಡಿ ಯಾರಿಗೆ ಬಾತ್‌ರೂಮು, ಯಾರಿಗೆ ಹಾಸಿಗೆ ಎಂದು ಹಂಚುವ ಕೆಟ್ಟ ಅಭ್ಯಾಸ ಇನ್ನೊಂದು ಕಡೆ. ಹಾಗೆ ಹಂಚುವುದು ಅನ್ಯಾಯ ಮಾತ್ರವಲ್ಲ, ಕೆಲಸವೂ ಕೆಡುತ್ತದೆ, ಏಕೆಂದರೆ ಒಂದು ಕೊಠಡಿಯ ಹೊಣೆ ಇಬ್ಬರಲ್ಲಿ ಹರಿದುಹೋಗಿ ಕೊನೆಗೆ ಯಾರದೂ ಆಗುವುದಿಲ್ಲ. ಪತ್ರದಲ್ಲಿ ನೇರವಾಗಿ ಬರೆಯಿರಿ: ಕೊಠಡಿಯ ಕೆಲಸ ಎಂದರೆ ಹಾಸಿಗೆ, ಧೂಳು, ನೆಲ ಮತ್ತು ಶೌಚಾಲಯ ಎಲ್ಲವೂ, ಈ ವಿಭಾಗದಲ್ಲಿ ಸೇರಿದ ಪ್ರತಿಯೊಬ್ಬರೂ, ಮೇಲ್ವಿಚಾರಕರೂ ಸೇರಿ, ಇದನ್ನು ಮಾಡುತ್ತಾರೆ, ಕೈಗವಸು, ಬೂಟು, ಬ್ರಷ್ಷು ಹೋಟೆಲೇ ಕೊಡುತ್ತದೆ. ಹೀಗೆ ಬರೆದರೆ ಕೆಲವರು ಬರುವುದೇ ಇಲ್ಲ ಎಂದು ನೀವು ಹೇಳಬಹುದು. ನಿಜ, ಬರುವುದಿಲ್ಲ. ಬಂದು ಮೂರನೆಯ ದಿನ ರಾತ್ರೋರಾತ್ರಿ ಹೋಗುವುದಕ್ಕಿಂತ ಅದು ಅವರಿಗೂ ನಮಗೂ ಒಳ್ಳೆಯದು.

ಈಗ ಪತ್ರದ ಮಾದರಿಯನ್ನು ಓದುತ್ತೇನೆ. ಕೊಪ್ಪಳ–ಹೊಸಪೇಟೆ ಹೆದ್ದಾರಿಯ ಬದಿಯಲ್ಲಿರುವ 40 ಕೊಠಡಿಗಳ ಹೋಟೆಲೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ; ಹೆಸರು, ಫೋನ್ ಸಂಖ್ಯೆಗಳ ಜಾಗವನ್ನು ನೀವು ತುಂಬಿಕೊಳ್ಳಬೇಕು.

"ನಮಸ್ಕಾರ. ನೀವು ಸೆಪ್ಟೆಂಬರ್ 11ರಿಂದ ನಮ್ಮ ಹೋಟೆಲಿನ ಹೌಸ್‌ಕೀಪಿಂಗ್ ವಿಭಾಗಕ್ಕೆ ಸೇರುತ್ತಿದ್ದೀರಿ. ಈ ಪತ್ರವನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ.

ನೀವು 10ನೇ ತಾರೀಖು ಸಂಜೆಯೊಳಗೆ ಬಂದರೆ ಸಾಕು. ಕೊಪ್ಪಳ ಬಸ್ ನಿಲ್ದಾಣದಲ್ಲಿ ಇಳಿದು ಕೆಳಗಿನ ನಂಬರಿಗೆ ಫೋನ್ ಮಾಡಿ. ನಮ್ಮವರೊಬ್ಬರು ಬಂದು ಕರೆದುಕೊಂಡು ಹೋಗುತ್ತಾರೆ. ಅಂದು ರಾತ್ರಿಯ ಊಟ, ವಸತಿ ನಮ್ಮದು. ಒಂದು ಕೋಣೆಯಲ್ಲಿ ನಾಲ್ಕು ಜನ ಇರುತ್ತೀರಿ. ಮಂಚ, ಹಾಸಿಗೆ, ಬೀಗವಿರುವ ಪೆಟ್ಟಿಗೆ ಕೊಡುತ್ತೇವೆ. ಹೆಣ್ಣುಮಕ್ಕಳ ವಸತಿ ಬೇರೆ ಕಟ್ಟಡದಲ್ಲಿದೆ. ಅಲ್ಲಿಯ ಜವಾಬ್ದಾರಿ ಮಹಿಳಾ ಮೇಲ್ವಿಚಾರಕರದು. ಯಾರಾದರೂ ಮರ್ಯಾದೆ ತಪ್ಪಿ ನಡೆದುಕೊಂಡರೆ ದೂರು ಕೊಡಬೇಕಾದ ಸಮಿತಿಯ ಅಧ್ಯಕ್ಷೆಯ ಹೆಸರು ಮತ್ತು ನಂಬರು ಕೆಳಗಿದೆ.

ಕೆಲಸದ ವೇಳೆ ಬೆಳಿಗ್ಗೆ 8ರಿಂದ ಸಂಜೆ 5. ನಡುವೆ ಒಂದು ಗಂಟೆ ಊಟದ ಬಿಡುವು. ವಾರಕ್ಕೊಂದು ರಜೆ. ಹಾಸಿಗೆ ಹಾಸುವುದು, ಧೂಳು ಒರೆಸುವುದು, ನೆಲ ಮತ್ತು ಶೌಚಾಲಯ ಶುಚಿಮಾಡುವುದು ನಿಮ್ಮ ಕೆಲಸ. ಇದನ್ನು ಈ ವಿಭಾಗದ ಎಲ್ಲರೂ ಮಾಡುತ್ತಾರೆ. ಮೊದಲ ನಾಲ್ಕು ದಿನ ನಿಮ್ಮನ್ನು ಒಂಟಿಯಾಗಿ ಯಾವ ಕೊಠಡಿಗೂ ಕಳುಹಿಸುವುದಿಲ್ಲ.

ನಿಮ್ಮ ತಿಂಗಳ ಸಂಬಳ 15,000. ಅದರಲ್ಲಿ ಭವಿಷ್ಯ ನಿಧಿ ಮತ್ತು ಇಎಸ್‌ಐ ಕಳೆದು ಪೂರ್ತಿ ತಿಂಗಳಿಗೆ ಸುಮಾರು 13,450 ನಿಮ್ಮ ಖಾತೆಗೆ ಬರುತ್ತದೆ. ಸೆಪ್ಟೆಂಬರಿನಲ್ಲಿ ನೀವು 20 ದಿನ ಮಾತ್ರ ಇರುವುದರಿಂದ ಅಕ್ಟೋಬರ್ 7ರಂದು 8,965 ಬರುತ್ತದೆ. ಮೊದಲ ಶನಿವಾರ ಸಂಜೆ 1,000 ರೂಪಾಯಿ ಮುಂಗಡ ಕೊಡುತ್ತೇವೆ; ಅದನ್ನು ಈ 8,965ರಲ್ಲಿ ಮುರಿದುಕೊಳ್ಳುತ್ತೇವೆ. ಊಟ, ವಸತಿ, ಯೂನಿಫಾರ್ಮಿಗೆ ದುಡ್ಡು ಹಿಡಿಯುವುದಿಲ್ಲ. ಈ ಕೆಲಸ ಕೊಡಿಸಿದ್ದಕ್ಕೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ, ನಮಗೆ ತಿಳಿಸಿ.

ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಅಂಕಪಟ್ಟಿಯ ಜೆರಾಕ್ಸು ಮತ್ತು ಎರಡು ಫೋಟೋ ತನ್ನಿ. ಮೂಲ ದಾಖಲೆಗಳನ್ನು ನೋಡಿ ಅಲ್ಲಿಯೇ ನಿಮ್ಮ ಕೈಗೆ ಮರಳಿಸುತ್ತೇವೆ. ಈ ಪತ್ರದ ಜೊತೆ ಕಪ್ಪು ಬೂಟು ಕಳುಹಿಸಿದ್ದೇವೆ. ಬರುವ ಮುನ್ನ ನಾಲ್ಕೈದು ದಿನ ಮನೆಯಲ್ಲಿ ಒಂದೆರಡು ತಾಸು ಹಾಕಿಕೊಂಡು ಓಡಾಡಿ. ಹತ್ತಿಯ ಕಾಲುಚೀಲ ಎರಡು ಜೊತೆ ಇರಲಿ.

ಕೆಲಸದ ವೇಳೆ ಮೊಬೈಲನ್ನು ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ. ಮನೆಯವರು ತುರ್ತಾಗಿ ಮಾತನಾಡಬೇಕಾದರೆ ಕೆಳಗಿನ ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ನಿಮ್ಮನ್ನು ಕರೆದು ಮಾತನಾಡಿಸುತ್ತೇವೆ. ಜನವರಿಯಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ಹೋಟೆಲು ತುಂಬಿರುತ್ತದೆ. ಎಲ್ಲರಿಗೂ ಒಟ್ಟಿಗೆ ರಜೆ ಕೊಡಲಾಗುವುದಿಲ್ಲ, ಆದರೆ ಸರದಿಯ ಮೇಲೆ ಪ್ರತಿಯೊಬ್ಬರಿಗೂ ಒಂದು ದಿನ ಸಿಗುತ್ತದೆ. ನಿಮ್ಮೂರಿನ ಜಾತ್ರೆಯ ದಿನವನ್ನು ಬಂದ ಕೂಡಲೇ ಬರೆಸಿ."

ಪತ್ರ ಇಷ್ಟೇ. ದೊಡ್ಡ ಅಕ್ಷರದಲ್ಲಿ ಮುದ್ರಿಸಿದರೆ ಎರಡು ಪುಟವಾಗುತ್ತದೆ. ಅದು ಕನ್ನಡದಲ್ಲಿರಬೇಕು, ಸೇರುವ ದಿನಕ್ಕೆ ಒಂದು ವಾರ ಮುಂಚೆ ಮನೆ ತಲುಪಿರಬೇಕು, ಮತ್ತು ಮೇಲ್ವಿಚಾರಕರು ಅದನ್ನೇ ಓದಿ ದನಿಮುದ್ರಿಸಿ ಹುಡುಗನ ಮೊಬೈಲಿಗೆ ಕಳುಹಿಸಬೇಕು, ಏಕೆಂದರೆ ಅನೇಕ ಮನೆಗಳಲ್ಲಿ ನಿರ್ಧಾರ ಮಾಡುವ ಹಿರಿಯರು ಓದುವುದಕ್ಕಿಂತ ಕೇಳುವುದನ್ನು ಹೆಚ್ಚು ನಂಬುತ್ತಾರೆ. ಇದು ನೇಮಕಾತಿ ಆದೇಶಕ್ಕೆ ಬದಲಿಯಲ್ಲ. ಅದನ್ನು ಪ್ರತ್ಯೇಕವಾಗಿ ಸಹಿ ಮಾಡಿ ಕೊಡಲೇಬೇಕು. ಪತ್ರದಲ್ಲಿ ಬರೆದ ಯಾವುದಾದರೂ ಒಂದು ಮಾತನ್ನು ನಿಮ್ಮ ಹೋಟೆಲು ನಡೆಸಿಕೊಡಲಾರದು ಎನ್ನುವುದಾದರೆ, ಆ ಮಾತನ್ನು ಬರೆಯದಿರುವುದೇ ಮೇಲು.

ಬೂಟಿನ ಮಾತು ಕೆಲವರಿಗೆ ಅತಿಯೆನಿಸಿರಬಹುದು. ಚಪ್ಪಲಿಯಲ್ಲೇ ಬೆಳೆದ ಕಾಲು ಮೊದಲ ಸಲ ಎಂಟು ತಾಸು ಗಟ್ಟಿ ಬೂಟಿನೊಳಗಿದ್ದರೆ ಅದೇ ಸಂಜೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ಎರಡನೆಯ ದಿನ ಅವನು ನಿಧಾನವಾಗಿ ನಡೆಯುತ್ತಾನೆ, ಸಿಕ್ಕಲ್ಲೆಲ್ಲ ಕೂರುತ್ತಾನೆ, ಬೂಟಿನ ಹಿಂಭಾಗ ತುಳಿದು ಚಪ್ಪಲಿಯಂತೆ ಹಾಕಿಕೊಳ್ಳುತ್ತಾನೆ. ಮೇಲ್ವಿಚಾರಕರು ಅದನ್ನು ಸೋಮಾರಿತನ ಎಂದು ಬರೆದುಕೊಳ್ಳುತ್ತಾರೆ. ಒದ್ದೆ ಬಾತ್‌ರೂಮಿನಲ್ಲಿ ಹಾಗೆ ತುಳಿದ ಬೂಟಿನಿಂದಲೇ ಜಾರಿ ಬೀಳುತ್ತಾರೆ. ಮೊದಲ ಎರಡು ದಿನ ಸಂಜೆ ಹೊಸಬರ ಕಾಲುಗಳನ್ನು ನೋಡಿ, ಬೊಬ್ಬೆ ಇದ್ದರೆ ಪಟ್ಟಿ ಹಾಕಿಸಿ. ಅದರಂತೆಯೇ ಊಟ. ಮೂರು ಹೊತ್ತೂ ಅನ್ನ ಸಾರಿನ ಮೆಸ್ಸಿನಲ್ಲಿ ರೊಟ್ಟಿ ಉಂಡು ಬೆಳೆದವರಿಗೆ ಹೊಟ್ಟೆ ತುಂಬಿದಂತಾಗುವುದಿಲ್ಲ. ರಾತ್ರಿಯಾದರೂ ಜೋಳದ ರೊಟ್ಟಿ, ಪಲ್ಯ ಇರಲಿ.

ಇನ್ನು ವಾರದ ಯೋಜನೆ. ಹೊಸಬರನ್ನು ಸೋಮವಾರವೇ ಸೇರಿಸಿಕೊಳ್ಳಿ, ಏಕೆಂದರೆ ಶನಿವಾರ ಭಾನುವಾರಗಳಲ್ಲಿ ಕೊಠಡಿಗಳು ತುಂಬಿರುವಾಗ ಕಲಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಪ್ರತಿಯೊಬ್ಬ ಹೊಸಬನಿಗೂ ಒಬ್ಬ ಜೊತೆಗಾರನನ್ನು ಗೊತ್ತುಮಾಡಬೇಕು. ವಾರವಿಡೀ ಅವನೇ ಇರಬೇಕು, ದಿನಕ್ಕೊಬ್ಬರು ಬದಲಾಗಬಾರದು. ಹಳಬನೊಬ್ಬ ದಿನಕ್ಕೆ 12ರಿಂದ 14 ಕೊಠಡಿ ಮಾಡುತ್ತಾನಾದರೆ, ಕಲಿಸುವ ವಾರದಲ್ಲಿ ಅವನ ಪಾಲನ್ನು 9 ಅಥವಾ 10ಕ್ಕೆ ಇಳಿಸಲೇಬೇಕು. ಇದನ್ನು ಮಾಡದಿದ್ದರೆ ಉಳಿದ ಯೋಜನೆಯೆಲ್ಲ ಕಾಗದದಲ್ಲೇ ಉಳಿಯುತ್ತದೆ. ಕೊಠಡಿಯ ಲೆಕ್ಕ ಮುಗಿಸಬೇಕಾದವನು ಕಲಿಸುವುದಿಲ್ಲ; ಹೊಸಬನ ಕೈಗೆ ಕೊಳೆ ಬಟ್ಟೆಯ ಗಂಟು ಕೊಟ್ಟು ಕಳುಹಿಸುತ್ತಾನೆ.

ಸೋಮವಾರ ಕೆಲಸ ಹಚ್ಚುವುದು ಬೇಡ. ದಾಖಲೆಗಳ ಕೆಲಸ ಮುಗಿಸಿ, ಹೋಟೆಲನ್ನು ಮೇಲಿನಿಂದ ಕೆಳಗಿನವರೆಗೆ ನಡೆದು ತೋರಿಸಿ. ಬೆಂಕಿ ಬಿದ್ದರೆ ಹೊರಬರುವ ದಾರಿಯನ್ನು ಅವರೇ ನಡೆದು ತೋರಿಸುವಂತೆ ಮಾಡಿ. ಮಧ್ಯಾಹ್ನ ಅವರನ್ನು ಒಂದು ಖಾಲಿ ಕೊಠಡಿಯಲ್ಲಿ ಅತಿಥಿಗಳಂತೆ ಅರ್ಧ ತಾಸು ಕೂರಿಸಿ. ಬಿಸಿನೀರಿನ ನಲ್ಲಿ ತಿರುಗಿಸಲಿ, ಎಸಿ ಹಾಕಲಿ, ಹಾಸಿಗೆಯ ಮೇಲೆ ಮಲಗಲಿ, ಕಾರ್ಡಿನಿಂದ ಬಾಗಿಲು ತೆರೆಯಲಿ. ತಾನು ಎಂದೂ ಬಳಸದ ಕೊಠಡಿಯಲ್ಲಿ ಯಾವುದು ಸರಿಯಿಲ್ಲ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಷವರಿನ ನೀರು ಯಾವ ಕಡೆ ಬೀಳುತ್ತದೆ ಎಂದು ಒಮ್ಮೆ ನೋಡಿದವನು, ಆ ಕಡೆಯ ಗಾಜನ್ನು ಒರೆಸಲು ಮರೆಯುವುದಿಲ್ಲ.

ಮಂಗಳವಾರ ಕಲಿಸಬೇಕಾದದ್ದು ಒಂದೇ, ದ್ರಾವಣಗಳು. ಈ ದಿನದ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಜೀವಕ್ಕೆ ಅಪಾಯ ಇರುವುದು ಇಲ್ಲಿಯೇ. ನಮ್ಮ ಹೋಟೆಲುಗಳಲ್ಲಿ ಬಳಸುವ ದ್ರಾವಣಗಳಿಗೆ ಸಾಮಾನ್ಯವಾಗಿ ಆರ್-1, ಆರ್-2 ಎಂದು ಸಂಖ್ಯೆಗಳಿರುತ್ತವೆ. ಆರ್-1 ಬಾತ್‌ರೂಮಿನ ಬೇಸಿನ್ನು, ಟೈಲ್ಸಿಗೆ; ಆರ್-2 ನೆಲ ಮತ್ತು ಇತರ ಗಟ್ಟಿ ಮೇಲ್ಮೈಗಳಿಗೆ; ಆರ್-3 ಗಾಜು ಮತ್ತು ಕನ್ನಡಿಗೆ; ಆರ್-6 ಕಮೋಡಿನ ಒಳಗೆ ಮಾತ್ರ. ಆರ್-6 ಆಮ್ಲ. ಹೊಸಬರು ಮನೆಯಿಂದ ತರುವ ಅನುಭವವೆಂದರೆ ಆ್ಯಸಿಡ್ ಹಾಕಿ ಉಜ್ಜುವುದು, ಕಲೆ ಹೋಗದಿದ್ದರೆ ಮೇಲೆ ಬ್ಲೀಚಿಂಗ್ ಪೌಡರ್ ಹಾಕುವುದು. ಬ್ಲೀಚಿಂಗ್ ಪೌಡರಿಗೋ ಅದರ ದ್ರಾವಣಕ್ಕೋ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಊರಿನಲ್ಲಿ ಬಯಲಿಗೆ ತೆರೆದ ಬಚ್ಚಲಲ್ಲಿ ಅದು ಗಾಳಿಗೆ ಹಾರಿಹೋಗಿರಬಹುದು. ಬಾಗಿಲು ಮುಚ್ಚಿದ, ಕಿಟಕಿಯಿಲ್ಲದ ಹೋಟೆಲಿನ ಬಾತ್‌ರೂಮಿನಲ್ಲಿ ಅದು ಶ್ವಾಸಕೋಶಕ್ಕೆ ನೇರವಾಗಿ ಹಾನಿ ಮಾಡುತ್ತದೆ. ಮೂಗಿಗೆ ಘಾಟು ಬಡಿಯುವುದು, ಕಣ್ಣು ಉರಿಯುವುದು, ಕೆಮ್ಮು ನಿಲ್ಲದಿರುವುದು, ಎದೆ ಬಿಗಿಯುವುದು ಅದರ ಲಕ್ಷಣಗಳು. ಹಾಗಾದ ಕ್ಷಣ ಬಕೆಟ್ಟು ಬ್ರಷ್ಷು ಎಲ್ಲವನ್ನೂ ಅಲ್ಲಿಯೇ ಬಿಟ್ಟು ಹೊರಗೆ ಬರಬೇಕು, ಕೂಗಿ ಕರೆಯಬೇಕು, ಬೇರೆಯವರೂ ಒಳಗೆ ಹೋಗದಂತೆ ತಡೆಯಬೇಕು; ಕೆಮ್ಮು ಮುಂದುವರಿದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ದ್ರಾವಣ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ನನ್ನ ಸಲಹೆ ಏನೆಂದರೆ, ಕೊಠಡಿಗಳ ಟ್ರಾಲಿಯ ಮೇಲೆ ಬ್ಲೀಚಿಂಗ್ ಪೌಡರನ್ನು ಇಡಲೇಬೇಡಿ. ಅದು ಉಗ್ರಾಣದ ಬೀಗದೊಳಗೆ ಇರಲಿ. ದ್ರಾವಣವನ್ನು ಕುಡಿಯುವ ನೀರಿನ ಖಾಲಿ ಬಾಟಲಿಗೆ ಸುರಿದಿಡುವುದನ್ನು ಯಾರ ಕೈಯಲ್ಲಿ ಕಂಡರೂ ಅಂದೇ ನಿಲ್ಲಿಸಿ.

ನಮ್ಮ ಭಾಗದ್ದೇ ಆದ ಇನ್ನೊಂದು ತೊಂದರೆ ಬೋರ್‌ವೆಲ್ಲಿನ ಗಡಸು ನೀರು. ನಲ್ಲಿ, ಷವರು, ಗಾಜಿನ ಮೇಲೆ ಅದು ಒಣಗಿದಾಗ ಬಿಳಿ ಉಪ್ಪಿನ ಕಲೆ ಕೂರುತ್ತದೆ. ಹೊಸಬರು ಕಷ್ಟಪಟ್ಟು ಕೆಲಸ ಮಾಡುತ್ತೇವೆಂದು ತೋರಿಸಲು ಪಾತ್ರೆ ತಿಕ್ಕುವ ಸ್ಟೀಲ್ ಜುಂಗಿನಿಂದ ಉಜ್ಜುತ್ತಾರೆ. ಕಲೆ ಹೋಗುತ್ತದೆ, ಜೊತೆಗೆ ನಲ್ಲಿಯ ಹೊಳಪಿನ ಲೇಪವೂ ಹೋಗುತ್ತದೆ, ಮತ್ತೆ ಬರುವುದಿಲ್ಲ. ಕಲಿಸಬೇಕಾದದ್ದು ಉಜ್ಜುವುದನ್ನಲ್ಲ, ತೊಳೆದ ಮೇಲೆ ಪ್ರತಿಯೊಂದು ನಲ್ಲಿಯನ್ನೂ ಒಣ ಬಟ್ಟೆಯಿಂದ ಒರೆಸಿ, ನೀರು ತಾನಾಗಿ ಒಣಗಲು ಬಿಡದಿರುವುದನ್ನು. ಬಟ್ಟೆಗಳಿಗೆ ಬಣ್ಣ ಗೊತ್ತುಮಾಡಿ: ಕಮೋಡಿಗೆ ಕೆಂಪು, ಬೇಸಿನ್ನು ಮತ್ತು ಟೈಲ್ಸಿಗೆ ಹಳದಿ, ಕೊಠಡಿಯ ಮೇಜು ಕುರ್ಚಿಗೆ ನೀಲಿ. ಅತಿಥಿಗಳು ನೀರು ಕುಡಿಯುವ ಲೋಟಗಳನ್ನು ಕೊಠಡಿಯಲ್ಲಿ ಯಾವ ಬಟ್ಟೆಯಿಂದಲೂ ಒರೆಸುವಂತಿಲ್ಲ. ಅವು ಪ್ಯಾಂಟ್ರಿಗೆ ಹೋಗಿ ತೊಳೆದು ಬರಬೇಕು. ಎದುರಿಗೆ ಕಂಡ ಟವೆಲಿನಿಂದ ಲೋಟ ಒರೆಸಿಡುವುದು ಅವಸರದಲ್ಲಿ ಹಳಬರೂ ಮಾಡುವ ತಪ್ಪು, ಹೊಸಬರು ಅದನ್ನು ನೋಡಿಯೇ ಕಲಿಯುತ್ತಾರೆ.

ಬುಧವಾರ ಬಾತ್‌ರೂಮು, ಗುರುವಾರ ಹಾಸಿಗೆ. ಈ ಎರಡನ್ನು ಒಂದೇ ದಿನ ಕಲಿಸಬೇಡಿ. ಬಾತ್‌ರೂಮಿನಲ್ಲಿ ಕ್ರಮವೇ ಮುಖ್ಯ: ಮೊದಲು ಫ್ಲಷ್ ಮಾಡಿ, ಕಮೋಡಿನೊಳಗೆ ಆರ್-6 ಹಾಕಿ ಬಿಡಬೇಕು, ಅದು ಕೆಲಸ ಮಾಡುತ್ತಿರುವ ಐದು ಹತ್ತು ನಿಮಿಷದಲ್ಲಿ ಕನ್ನಡಿ, ಬೇಸಿನ್ನು, ಟೈಲ್ಸು ಮುಗಿಸಬೇಕು, ಕಮೋಡು ಕೊನೆಗೆ, ಅದಾದ ಮೇಲೆ ಒಳಗಿನಿಂದ ಬಾಗಿಲಿನ ಕಡೆಗೆ ನೆಲ. ಆಮೇಲೆ ಕೈಗವಸು ತೆಗೆದು ಕೈ ತೊಳೆಯದೆ ಹಾಸಿಗೆಯ ಬಟ್ಟೆ ಮುಟ್ಟುವಂತಿಲ್ಲ. ಹಾಸಿಗೆಗೆ ಸಂಬಂಧಿಸಿ ಮೊದಲು ಕಲಿಸಬೇಕಾದದ್ದು ಬೆನ್ನನ್ನು ಕಾಪಾಡಿಕೊಳ್ಳುವುದು: ಮೊಣಕಾಲು ಬಗ್ಗಿಸಿ ಹಾಸಿಗೆಯ ಮೂಲೆಯನ್ನು ಒಂದು ಗೇಣಷ್ಟೇ ಎತ್ತಬೇಕು, ನಿಂತಲ್ಲಿಂದ ಸೊಂಟ ಬಗ್ಗಿಸಿ ಎಳೆಯಬಾರದು. ಮೂಲೆಯ ಮಡಿಕೆಯನ್ನು 45 ಡಿಗ್ರಿಯಲ್ಲಿ ಹಿಡಿದು ಒಳಸೇರಿಸುವುದು ಹತ್ತಿಪ್ಪತ್ತು ಸಲ ಮಾಡಿದರೆ ಕೈಗೆ ಬರುತ್ತದೆ. ಅದಕ್ಕೆ ಖಾಲಿ ಕೊಠಡಿಯೊಂದರ ಹಾಸಿಗೆಯನ್ನು ಆ ದಿನಕ್ಕೆ ಬಿಟ್ಟುಕೊಡಿ.

ಬಾಗಿಲು ತಟ್ಟುವುದನ್ನು ಈ ಎರಡೂ ದಿನ ಅಭ್ಯಾಸ ಮಾಡಿಸಬೇಕು. ತಟ್ಟಿ 'ಹೌಸ್‌ಕೀಪಿಂಗ್' ಎನ್ನುವುದು, ಹತ್ತು ಎಣಿಸುವಷ್ಟು ಕಾಯುವುದು, ಹೀಗೆ ಮೂರು ಸಲ. ಆಮೇಲೆ ಬಾಗಿಲನ್ನು ಸ್ವಲ್ಪವೇ ತೆರೆದು ಮತ್ತೊಮ್ಮೆ ಹೇಳುವುದು. ನಮ್ಮ ಹಳ್ಳಿಗಳಲ್ಲಿ ಬಾಗಿಲು ತೆರೆದೇ ಇರುತ್ತದೆ, 'ಅಕ್ಕಾರ, ಅದೀರೇನ್ರಿ' ಎನ್ನುತ್ತಾ ಒಳಗೆ ಹೋಗುವುದೇ ವಾಡಿಕೆ. ಅದು ಅಸಭ್ಯತೆಯಲ್ಲ, ಬೇರೆ ರೀತಿಯ ಸಭ್ಯತೆ ಎಂಬುದನ್ನು ತಿಳಿದು ಕಲಿಸಿದರೆ ಹುಡುಗರಿಗೆ ಅವಮಾನವಾಗುವುದಿಲ್ಲ. ಹಿಂದಿ, ಇಂಗ್ಲಿಷ್, ತೆಲುಗು ಮಾತನಾಡುವ ಅತಿಥಿಗಳಿಗಾಗಿ ಮೊದಲ ವಾರದಲ್ಲಿ ಎರಡೇ ಮಾತು ಸಾಕು: ಕೊಠಡಿ ಸ್ವಚ್ಛಮಾಡಲೇ ಎಂದು ಕೇಳುವುದು, ನಮ್ಮ ಮೇಲ್ವಿಚಾರಕರನ್ನು ಕರೆಯುತ್ತೇನೆ ಎನ್ನುವುದು. ಅರ್ಥವಾಗದ್ದಕ್ಕೆ 'ಯಸ್ ಸರ್' ಎಂದುಬಿಡುವುದರಿಂದ ಆಗುವ ತೊಂದರೆಗಳನ್ನು ಈ ಎರಡನೆಯ ಮಾತು ತಪ್ಪಿಸುತ್ತದೆ.

ಶುಕ್ರವಾರ ಮೊದಲ ಬಾರಿಗೆ ಒಂದು ಪೂರ್ತಿ ಕೊಠಡಿ. ಅತಿಥಿ ಬಿಟ್ಟುಹೋದ ಕೊಠಡಿಯಾಗಿರಲಿ, ಅತಿಥಿ ಇನ್ನೂ ಇರುವುದು ಬೇಡ. ಹಳಬನಿಗೆ ಅದಕ್ಕೆ 35 ನಿಮಿಷ ಸಾಕಾಗುವುದಾದರೆ ಹೊಸಬನಿಗೆ ಒಂದೂಕಾಲು ತಾಸು ಕೊಡಿ, ಗಡಿಯಾರ ನೋಡಿ ಅವಸರಪಡಿಸಬೇಡಿ. ಅವನು ಕಸದ ಬುಟ್ಟಿಯಲ್ಲಿರುವುದನ್ನು ಮಾತ್ರ ಎಸೆಯಬೇಕು. ಬುಟ್ಟಿಯ ಪಕ್ಕದಲ್ಲಿ, ಮೇಜಿನ ಮೇಲೆ, ದಿಂಬಿನ ಕೆಳಗೆ ಸಿಕ್ಕ ಚೀಟಿಯಾದರೂ ಸರಿ, ಕೊಠಡಿಯ ಸಂಖ್ಯೆ ಬರೆದು ಒಪ್ಪಿಸಬೇಕು. ಹಣ ಅಥವಾ ಒಡವೆ ಕಂಡರೆ ಮುಟ್ಟದೆ ಅಲ್ಲಿಂದಲೇ ಮೇಲ್ವಿಚಾರಕರಿಗೆ ಫೋನ್ ಮಾಡಬೇಕು. ಇದನ್ನು ಪ್ರಾಮಾಣಿಕತೆಯ ಪರೀಕ್ಷೆಯಂತೆ ಹೇಳಬೇಡಿ. ಮುಂದೆ ಯಾವುದಾದರೂ ವಸ್ತು ಕಾಣೆಯಾದಾಗ ಮೊದಲ ಅನುಮಾನ ಬೀಳುವುದು ಹೊಸ ಹುಡುಗನ ಮೇಲೆ. ಅವನನ್ನು ಆ ಅನುಮಾನದಿಂದ ಕಾಯುವ ಕ್ರಮ ಇದು ಎಂದು ಹೇಳಿ.

ಕಲಿತಿದ್ದಾನೆಯೇ ಎಂದು ತಿಳಿಯಲು 'ಗೊತ್ತಾಯ್ತಾ' ಎಂದು ಕೇಳಿ ಪ್ರಯೋಜನವಿಲ್ಲ. 'ಹೂಂರಿ ಸರ್' ಎಂಬ ಒಂದೇ ಉತ್ತರ ಬರುತ್ತದೆ. ಕಮೋಡಿಗೆ ಹಾಕುವ ಬಾಟಲಿ ಯಾವುದು, ತೆಗೆದು ತೋರಿಸು ಎನ್ನಿ. ಈ ಬಟ್ಟೆಯಿಂದ ಏನೇನು ಒರೆಸಿದೆ, ನಡೆದು ತೋರಿಸು ಎನ್ನಿ. ಮಾತಿನಲ್ಲಿ ಬಾರದ್ದು ಕೈಯಲ್ಲಿ ಕಾಣಿಸುತ್ತದೆ. ಕಷ್ಟದಲ್ಲಿರುವವನ ಗುರುತುಗಳೂ ಹಾಗೆಯೇ: ಮೆಸ್ಸಿಗೆ ಕೊನೆಗೆ ಬರುತ್ತಾನೆ, ತಟ್ಟೆಯಲ್ಲಿ ಬಿಡುತ್ತಾನೆ, ರಾತ್ರಿ ಮೆಟ್ಟಿಲ ಮೇಲೆ ಫೋನು ಹಿಡಿದು ಕೂರುತ್ತಾನೆ, ಪೆಟ್ಟಿಗೆಗೆ ಬಟ್ಟೆ ತುಂಬದೆ ಚೀಲವನ್ನು ಕಟ್ಟಿದಂತೆಯೇ ಇಟ್ಟಿರುತ್ತಾನೆ.

ಶನಿವಾರ ಎರಡು ಮೂರು ಕೊಠಡಿ ಮಾಡಿಸಿ, ಸಂಜೆ ನಾಲ್ಕಕ್ಕೆ ಕೆಲಸ ನಿಲ್ಲಿಸಿ, ರಜೆಗೆ ಹೊರಡುವ ಮುನ್ನ ವಿಭಾಗದ ಮುಖ್ಯಸ್ಥರು ಪ್ರತಿಯೊಬ್ಬರ ಜೊತೆಗೂ ಬೇರೆಬೇರೆಯಾಗಿ ಕಾಲು ಗಂಟೆ ಮಾತನಾಡಬೇಕು. ಸೋಮವಾರ ಮಾತನಾಡೋಣ ಎಂದು ಮುಂದೂಡಬೇಡಿ. ಹೋಗುವವರು ಹೋಗುವುದು ಈ ಭಾನುವಾರವೇ. ಸ್ವಾಗತ ಪತ್ರವನ್ನು ಮೇಜಿನ ಮೇಲಿಟ್ಟು ಒಂದೊಂದೇ ಸಾಲು ಓದಿ, ಇದು ಹೇಳಿದಂತೆಯೇ ನಡೆಯಿತೇ ಎಂದು ಕೇಳಿ. ನಾಲ್ಕು ಜನರ ಕೋಣೆ ಎಂದಿತ್ತು, ಆರು ಜನ ಇದ್ದೇವೆ ಎನ್ನಬಹುದು. ಒಂಟಿಯಾಗಿ ಕಳುಹಿಸುವುದಿಲ್ಲ ಎಂದಿತ್ತು, ಬುಧವಾರವೇ ಕಳುಹಿಸಿದರು ಎನ್ನಬಹುದು. ಆ ಸಾಲಿನ ಪಕ್ಕ ಗುರುತು ಹಾಕಿಕೊಂಡು, ಅವರ ಎದುರೇ ಸಂಬಂಧಪಟ್ಟವರಿಗೆ ಫೋನ್ ಮಾಡಿ ಸರಿಪಡಿಸಿ. ಮುಂಗಡದ 1,000 ರೂಪಾಯಿಯನ್ನು ಆಗಲೇ ಕೈಗೆ ಕೊಡಿ. ಭಾನುವಾರ ರಾತ್ರಿ ಮರಳುವ ಬಸ್ಸು ಯಾವುದು, ನಿಲ್ದಾಣದಿಂದ ಕರೆತರಲು ಯಾರು ಬರುತ್ತಾರೆ ಎಂಬುದನ್ನು ಗೊತ್ತುಮಾಡಿ.

ನಾನು ಮುಂದುವರಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಆರು ದಿನದ ಕೂಲಿಯನ್ನು ಬಾಕಿ ಉಳಿಸದೆ ಕೊಟ್ಟು, ಬಸ್ ಚಾರ್ಜು ಕೊಟ್ಟು ಕಳುಹಿಸಿ. ಅವರ ಊರಿನಲ್ಲಿ ನಿಮ್ಮ ಹೋಟೆಲಿನ ಬಗ್ಗೆ ಮಾತನಾಡುವವರು ಅವರೇ. ಅವರು ಹೇಳಿದ ಕಾರಣವನ್ನು ಪತ್ರದ ಪ್ರತಿಯ ಹಿಂದೆ ಬರೆದಿಡಿ. ಇಬ್ಬರು ಒಂದೇ ಕಾರಣ ಹೇಳಿದ್ದರೆ, ಮುಂದಿನ ತಂಡಕ್ಕೆ ಪತ್ರ ಅಚ್ಚಾಗುವ ಮುನ್ನ ಪತ್ರದ ಸಾಲನ್ನು ತಿದ್ದಬೇಕೋ ಹೋಟೆಲಿನ ವ್ಯವಸ್ಥೆಯನ್ನು ತಿದ್ದಬೇಕೋ ಎಂಬುದನ್ನು ಅಂದೇ ತೀರ್ಮಾನಿಸಿ.